ಪಾಸ್‌ವರ್ಡ್ ಫೈಲನ್ನು ಎಲ್ಲಿ ಇಳಿಸೋದು? ನಾಲ್ಕು ದಾರಿ ನೋಡಿ ಒಂದನ್ನು ಉಳಿಸಿಕೊಂಡೆ

ಬ್ರೌಸರ್ ಬದಲಿಸುವಾಗ ಪಾಸ್‌ವರ್ಡುಗಳನ್ನು ಫೈಲಿಗೆ ಇಳಿಸಿ ಸಾಗಿಸಬೇಕಾಯಿತು. ಅದನ್ನು ಇಡಲು ನನಗೆ ಹಿಡಿಸಿದ್ದು ವೆರಾಕ್ರಿಪ್ಟ್ ಎಂಬ ಬೀಗದ ಪ್ರೋಗ್ರಾಂ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ. ಡೆಸ್ಕ್‌ಟಾಪ್, ಪೆನ್‌ಡ್ರೈವ್, ಬೀಗ ಹಾಕಿದ ಜಿಪ್, ಈ ಮೂರನ್ನೂ ನೋಡಿ, ಒಂದರಲ್ಲಿ ಕೈ ಸುಟ್ಟುಕೊಂಡ ಮೇಲೆ ಅಲ್ಲಿಗೆ ಬಂದೆ.

ಕೆಲಸ ಇಷ್ಟೇ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕ್ರೋಮ್ ಬಿಟ್ಟು ಫೈರ್‌ಫಾಕ್ಸ್‌ಗೆ ಬರಬೇಕಿತ್ತು. ಉಳಿಸಿಟ್ಟ ಪಾಸ್‌ವರ್ಡ್ 163. ಒಂದು ಬ್ರೌಸರ್ ಇನ್ನೊಂದರಿಂದ ತಾನೇ ಎಳೆದುಕೊಂಡರೆ ಫೈಲೇ ಬೇಡ, ಅದು ಒಳ್ಳೆಯದೇ. ಆದರೆ 2024ರ ಜುಲೈಯಲ್ಲಿ ಬಂದ ಕ್ರೋಮ್ 127ರಿಂದ ವಿಂಡೋಸಿನಲ್ಲಿ ಗೂಗಲ್ ಹೊಸ ಬೀಗ ಹಾಕತೊಡಗಿತು. ಕ್ರೋಮ್ ಬಚ್ಚಿಟ್ಟಿದ್ದನ್ನು ಬೇರೆ ಪ್ರೋಗ್ರಾಂ ಓದಬಾರದು ಅನ್ನೋದು ಉದ್ದೇಶ. ಮೊದಲು ಕುಕೀಗಳಿಗೆ ಹಾಕಿ, ಪಾಸ್‌ವರ್ಡ್‌ಗೂ ವಿಸ್ತರಿಸುತ್ತೇವೆ ಎಂದಿದ್ದರು. ಪಾಸ್‌ವರ್ಡ್ ಕದಿಯುವ ಮಾಲ್‌ವೇರ್‌ಗೆ ಹಾಕಿದ ಬೀಗ ಅದು, ಆದರೆ ಪಕ್ಕದ ಬ್ರೌಸರಿಗೂ ಬೀಗ ಬೀಗವೇ ಅಲ್ವಾ. ಹಾಗಾಗಿ ಫೈಲಿನ ದಾರಿಯೇ ಗಟ್ಟಿ ಅಂದುಕೊಂಡೆ.

ಫೈಲ್ ಇಳಿಸೋದು ಸುಲಭ. ಕ್ರೋಮ್ ವಿಳಾಸ ಪಟ್ಟಿಯಲ್ಲಿ `chrome://password-manager/settings` ಎಂದು ಹೊಡೆದು ಕೆಳಗಿರುವ `Download file` ಒತ್ತಿದರೆ ಲ್ಯಾಪ್‌ಟಾಪಿನ ಪಿನ್ ಕೇಳುತ್ತದೆ. ಕೊಟ್ಟರೆ `Chrome Passwords.csv` ಎಂಬ ಫೈಲನ್ನು ಎಲ್ಲಿ ಇಡಲಿ ಅಂತ ಕೇಳುತ್ತದೆ. ಒಳಗೆ ಎಲ್ಲವೂ ಬಟಾಬಯಲು:

```
name,url,username,password,note
example.com,https://example.com/login,0045127,sept2,
```

ಇಲ್ಲಿ ಬರೆದಿರುವ ಖಾತೆ ಸುಳ್ಳು, ಆದರೆ ಸಾಲಿನ ಆಕಾರ ಇದೇ. ಯಾವ ಬೀಗವೂ ಇಲ್ಲ. ಇಳಿಸುವಾಗ ಪಿನ್ ಕೇಳಿದ್ದು ಇಳಿಸುವುದಕ್ಕೆ ಮಾತ್ರ, ಇಳಿದ ಫೈಲನ್ನು ತೆರೆಯಲು ಯಾರಿಗೂ ಪಿನ್ ಬೇಡ. ಎಲ್ಲಿ ಇಡಲಿ ಎಂಬ ಆ ಒಂದು ಪ್ರಶ್ನೆಗೆ ನೀವು ಕೊಡುವ ಉತ್ತರದಲ್ಲೇ ಎಲ್ಲ ಇದೆ.

ನಾನು ಮೊದಲ ಸಲ ಕೊಟ್ಟ ಉತ್ತರ ಡೆಸ್ಕ್‌ಟಾಪ್. ಕಣ್ಣೆದುರಿಗೆ ಇದ್ದರೆ ಅಳಿಸಲು ಮರೆಯಲ್ಲ ಅನ್ನೋದು ಲೆಕ್ಕ. ಮರೆಯಲೂ ಇಲ್ಲ. ಫೈರ್‌ಫಾಕ್ಸ್‌ಗೆ ತುಂಬಿದೆ, ಹತ್ತೇ ನಿಮಿಷದಲ್ಲಿ `Shift+Delete` ಒತ್ತಿ, ರೀಸೈಕಲ್ ಬಿನ್ನಿಗೂ ಹೋಗದಂತೆ ಅಳಿಸಿದೆ. ನೆಮ್ಮದಿಯಾಗಿ ಕಾಫಿ ಕುಡಿದೆ.

ಮೂರು ವಾರ ಆದ ಮೇಲೆ ಫೋನಿನಲ್ಲಿ ರೇಷನ್ ಕಾರ್ಡಿನ ಫೋಟೋ ಹುಡುಕುತ್ತಿದ್ದೆ. ಕ್ಲೌಡ್ ಆ್ಯಪಿನಲ್ಲಿ ಸಿಗಲಿಲ್ಲ, ಅಳಿಸಿಬಿಟ್ಟೆನೇನೋ ಅಂತ ಅದರ ಕಸದ ಬುಟ್ಟಿ ತೆರೆದೆ. ಅಲ್ಲಿ ಕೂತಿತ್ತು, `Chrome Passwords.csv`. ಎದೆ ಧಸಕ್ ಅಂದಿತು.

ಆಗಿದ್ದೇನು ಅಂದರೆ, ಹೊಸ ಲ್ಯಾಪ್‌ಟಾಪ್ ಮೊದಲ ಸಲ ಚಾಲೂ ಮಾಡುವಾಗ ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದೆ. ಅದರಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಕ್ಲೌಡಿಗೆ ಬ್ಯಾಕಪ್ ಮಾಡಲಾ ಅನ್ನೋದೂ ಒಂದು. ಹಾಗಾಗಿ ಡೆಸ್ಕ್‌ಟಾಪಿನಲ್ಲಿ ಫೈಲ್ ಬಿದ್ದ ಕೂಡಲೇ ಅದರ ಪ್ರತಿ ಮೇಲೆ ಹೋಗಿದೆ. ನಾನು ಒತ್ತಿದ `Shift+Delete` ನನ್ನ ಲ್ಯಾಪ್‌ಟಾಪಿನ ಬಿನ್ನನ್ನು ದಾಟಿಸಿತು ನಿಜ. ಆದರೆ ಕ್ಲೌಡಿನ ಪಾಲಿಗೆ ಅದು ಬರೀ 'ಒಂದು ಫೈಲ್ ಅಳಿಸಿದ್ದಾರೆ' ಎಂಬ ಸುದ್ದಿ. ಅದು ತನ್ನ ಬುಟ್ಟಿಗೆ ಎತ್ತಿ ಹಾಕಿಕೊಂಡಿತು. ಇಂಥ ಬುಟ್ಟಿಗಳು ಸಾಮಾನ್ಯವಾಗಿ 30 ದಿನ ಫೈಲ್ ಇಟ್ಟುಕೊಳ್ಳುತ್ತವೆ. ಇನ್ನೊಂದು ವಾರ ಬಿಟ್ಟಿದ್ದರೆ ತಾನೇ ಹೋಗುತ್ತಿತ್ತು, ನನಗೆ ಗೊತ್ತೂ ಆಗುತ್ತಿರಲಿಲ್ಲ.

ಯಾರಾದರೂ ನೋಡಿದರಾ? ಆ ಖಾತೆಯ ಲಾಗಿನ್ ಪಟ್ಟಿಯಲ್ಲಿ ನನ್ನ ಫೋನು, ಲ್ಯಾಪ್‌ಟಾಪ್ ಬಿಟ್ಟು ಬೇರೆ ಏನೂ ಕಾಣಲಿಲ್ಲ. ಆದರೂ ಆ ಭಾನುವಾರ ಮೇಲ್, ಎರಡು ಬ್ಯಾಂಕು, ಡಿಮ್ಯಾಟ್, ಇಷ್ಟರ ಪಾಸ್‌ವರ್ಡ್ ಬದಲಿಸುತ್ತಾ ಕೂತೆ. ಉಳಿದವನ್ನು ದಿನಕ್ಕೆ ನಾಲ್ಕೈದರಂತೆ. ಮೇಲ್ ಮೊದಲು ಬದಲಿಸಿದ್ದು ಯಾಕಂದ್ರೆ ಬೇರೆ ಸೈಟುಗಳ 'ಪಾಸ್‌ವರ್ಡ್ ಮರೆತೆ' ಲಿಂಕು ಬರೋದು ಅಲ್ಲಿಗೇ.

ನಿಮ್ಮದು ಹೀಗಿದೆಯಾ ಅಂತ ನೋಡಲು ಡೆಸ್ಕ್‌ಟಾಪ್ ಫೋಲ್ಡರಿನ ಮೇಲೆ ರೈಟ್‌ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ದಾರಿ ಓದಿ. ಅದರಲ್ಲಿ ಕ್ಲೌಡ್ ಫೋಲ್ಡರಿನ ಹೆಸರು ಬಂದರೆ ಅದು ಮೇಲಕ್ಕೆ ಹೋಗುತ್ತಿದೆ ಅಂತಲೇ ಅರ್ಥ.

ಎರಡನೇ ದಾರಿ ಪೆನ್‌ಡ್ರೈವ್. ಇದು ಕ್ಲೌಡಿಗೆ ಹೋಗಲ್ಲ, ಅಷ್ಟು ಪುಣ್ಯ. ಆದರೆ ಪೆನ್‌ಡ್ರೈವಿನಲ್ಲಿ ಅಳಿಸುವುದು ಅಂದರೆ ಪುಸ್ತಕದ ವಿಷಯಸೂಚಿಯಿಂದ ಹೆಸರು ಹೊಡೆದುಹಾಕಿದಂತೆ, ಪುಟ ಅಲ್ಲೇ ಇರುತ್ತದೆ. ಪರೀಕ್ಷೆಗೆ ಅಂತ ನಾಲ್ಕು ಸುಳ್ಳು ಸಾಲಿನ ಫೈಲ್ ಹಾಕಿ, ಅಳಿಸಿ, ಅಳಿಸಿದ ಫೈಲ್ ಹುಡುಕುವ ಉಚಿತ ಸಾಧನವೊಂದನ್ನು ಓಡಿಸಿದೆ. ಎರಡು ನಿಮಿಷದಲ್ಲಿ ಪೂರ್ತಿ ವಾಪಸ್ ಬಂತು. ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯಲ್ಲಿ ಹೀಗಾಗುವುದು ಕಡಿಮೆ, ಅಳಿಸಿದ ಜಾಗವನ್ನು ಖಾಲಿ ಮಾಡಬಹುದು ಅಂತ ವಿಂಡೋಸ್ ಅದಕ್ಕೆ ತಿಳಿಸುತ್ತಿರುತ್ತದೆ. ಪೆನ್‌ಡ್ರೈವಿಗೆ ಸಾಮಾನ್ಯವಾಗಿ ಆ ಭಾಗ್ಯ ಇಲ್ಲ. ಮೇಲಿಂದ ಅದನ್ನೇ ಜೆರಾಕ್ಸ್ ಅಂಗಡಿಗೂ ಕೊಡುತ್ತೇವೆ.

ಮೂರನೆಯದು ಪಾಸ್‌ವರ್ಡ್ ಹಾಕಿದ ಜಿಪ್. ಹಳೆಯ ಬಗೆಯ ಜಿಪ್ ಬೀಗ ಬಿಟ್ಟು AES-256 ಆರಿಸಿದರೆ ಬೀಗ ಗಟ್ಟಿಯೇ. ಆದರೆ ಜಿಪ್ ಮಾಡಬೇಕಾದರೆ ಮೊದಲು ಬರಿಯ ಫೈಲು ಡಿಸ್ಕಿನಲ್ಲಿ ಇರಬೇಕಲ್ಲ! ಜಿಪ್ಪೊಳಗಿಂದ ನೇರ ತೆರೆದರೂ ಅದು ಒಂದು ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಂಡೇ ತೆರೆಯುತ್ತದೆ. ಬಿಟ್ಟುಬಿಟ್ಟೆ.

ಈಗ ವೆರಾಕ್ರಿಪ್ಟ್. ಉಚಿತ ಪ್ರೋಗ್ರಾಂ. ಡಿಸ್ಕಿನಲ್ಲಿ ಒಂದು ಬೀಗದ ಡಬ್ಬಿ ಮಾಡಿ, ಅದನ್ನು ಹೊಸ ಡ್ರೈವ್ ಥರ ತೋರಿಸುತ್ತದೆ. ಡಬ್ಬಿಗೆ ಹೋಗುವ ಅಕ್ಷರ ದಾರಿಯಲ್ಲೇ ಗೂಢಲಿಪಿಯಾಗಿ ಡಿಸ್ಕಿಗೆ ಬೀಳುತ್ತದೆ. ಹೀಗಾಗಿ ಬಟಾಬಯಲು ಫೈಲ್ ಡಿಸ್ಕಿನಲ್ಲಿ ಬೀಳುವುದೇ ಇಲ್ಲ, ಜಿಪ್ಪಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ನಾನು ಮಾಡಿದ್ದು ಹೀಗೆ. `Create Volume` ಒತ್ತಿ, ಫೈಲ್ ಕಂಟೈನರ್ ಆರಿಸಿ, ಕ್ಲೌಡಿಗೆ ಸೇರದ ಜಾಗದಲ್ಲಿ `sante.hc` ಅಂತ ಹೆಸರಿಟ್ಟೆ. ಗಾತ್ರ 10 ಎಂಬಿ, ಇಂಥ ಫೈಲಿಗೆ ಅದೇ ಧಾರಾಳ. ಪಾಸ್‌ವರ್ಡ್ 20 ಅಕ್ಷರಕ್ಕಿಂತ ಚಿಕ್ಕದಾದರೆ ಅದು ಗೊಣಗುತ್ತದೆ, ಅರ್ಧ ಗಂಟೆ ನೆನಪಿದ್ದರೆ ಸಾಕಲ್ಲ ಅಂತ ಒಂದು ಉದ್ದ ವಾಕ್ಯವನ್ನೇ ಹಾಕಿದೆ. ಆಮೇಲೆ ಡಬ್ಬಿಯನ್ನು `X:` ಡ್ರೈವಾಗಿ ತೆರೆದೆ. ಬೀಗ ಬಿಚ್ಚಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ, ಕೆಟ್ಟಿದೆ ಅಂದುಕೊಳ್ಳಬೇಡಿ. ಕ್ರೋಮ್ ಎಲ್ಲಿಡಲಿ ಅಂದಾಗ `X:` ತೋರಿಸಿದೆ. ಫೈರ್‌ಫಾಕ್ಸಿನಲ್ಲಿ `about:logins` ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ `Import from a File…` ಒತ್ತಿ ಅದೇ ಫೈಲ್ ಕೊಟ್ಟೆ.

ಫೈರ್‌ಫಾಕ್ಸಿನ ಒಂದು ಗುಣ ಇಷ್ಟವಾಯಿತು, ತುಂಬಿದ ಮೇಲೆ ಲೆಕ್ಕ ಕೊಡುತ್ತದೆ. ಮೊದಲ ಸಲ ತುಂಬಿದಾಗ ನನಗೆ ಬಂದ ಲೆಕ್ಕ: ಹೊಸದು 151, ಮೊದಲೇ ಇದ್ದದ್ದು 8, ತಪ್ಪು 4. ಕೂಡಿದರೆ 163, ಸರಿಹೋಯಿತು. ವಿವರ ತೆರೆದರೆ ತಪ್ಪಾದ ನಾಲ್ಕರಲ್ಲೂ ಪಾಸ್‌ವರ್ಡ್ ಖಾಲಿ. ಇಂಥ ಸಾಲು ಹೋದರೆ ಹೋಗಲಿ. ಪಟ್ಟಿಯಲ್ಲಿ `android://` ಅಂತ ಶುರುವಾಗುವ ಸಾಲು ಕಂಡರೂ ಗಾಬರಿ ಬೇಡ, ಅವು ಫೋನ್ ಆ್ಯಪಿನ ಪಾಸ್‌ವರ್ಡುಗಳು. ಕ್ರೋಮಿನಲ್ಲಿ ಬರೆದಿಟ್ಟ ನೋಟ್ ಮಾತ್ರ ಬರಲಿಲ್ಲ. ನನ್ನ ಬ್ಯಾಂಕಿನ ಗುಟ್ಟು ಪ್ರಶ್ನೆಯ ಉತ್ತರ ಅಲ್ಲಿತ್ತು, ಅದನ್ನು ಕೈಯಲ್ಲೇ ನಕಲು ಮಾಡಬೇಕಾಯಿತು. ಪಾಸ್‌ವರ್ಡಿನ ಬದಲು ಬೆರಳಚ್ಚು ಅಥವಾ ಪಿನ್ನಿನಿಂದ ಲಾಗಿನ್ ಆಗುವ ಪಾಸ್‌ಕೀ ಇದ್ದರೆ ಅವೂ ಈ ಫೈಲಿನಲ್ಲಿ ಬರಲ್ಲ.

ಎರಡೂ ಕಡೆ ನಾಲ್ಕು ಸೈಟಿಗೆ ಲಾಗಿನ್ ಆಗಿ ನೋಡಿದೆ. ಆಮೇಲೆ `X:` ಮುಚ್ಚಿ, `sante.hc` ಅನ್ನು ಅಳಿಸಿದೆ. ಅದನ್ನು ಯಾರಾದರೂ ಹೆಕ್ಕಿ ತೆಗೆದರೂ ಸಿಗುವುದು 10 ಎಂಬಿ ಕಸ. ಇದೇ ಕಾರಣಕ್ಕೆ ನನಗೆ ಈ ದಾರಿ ಇಷ್ಟ: ಅಳಿಸಿದ್ದು ಸರಿಯಾಗಿ ಅಳಿಸಿತಾ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಮಧ್ಯೆ ಒಂದು ತಪ್ಪು ಮಾಡಬೇಡಿ. ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದು 'ಸುಮ್ನೆ ನೋಡಿ' ಸೇವ್ ಮಾಡಬೇಡಿ. ಮೇಲಿನ ಸಾಲಿನ `0045127` ಅಲ್ಲಿ `45127` ಆಗುತ್ತದೆ, `sept2` ಅನ್ನೋದು `2-Sep` ಅಂತ ತಾರೀಖಾಗುತ್ತದೆ, 12 ಅಂಕಿಯ ಯೂಸರ್‌ನೇಮ್ `1.23457E+11` ಆಗುತ್ತದೆ. ಸಾಲದ್ದಕ್ಕೆ ಸ್ಪ್ರೆಡ್‌ಶೀಟ್ ತನ್ನದೇ ರಿಕವರಿ ಪ್ರತಿಯನ್ನು ಡಬ್ಬಿಯ ಹೊರಗೆ ಬಚ್ಚಿಡಬಹುದು. ವಿಂಡೋಸ್ 11ರ ನೋಟ್‌ಪ್ಯಾಡ್ ಕೂಡ ಸೇವ್ ಮಾಡದ ಬದಲಾವಣೆಯನ್ನು ತನ್ನ ಫೋಲ್ಡರಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ನೋಡಲೇಬೇಕಾದರೆ ಬ್ರೌಸರಿನ ಪಾಸ್‌ವರ್ಡ್ ಪುಟದಲ್ಲೇ ನೋಡಿ.

ಉಲ್ಟಾ ದಿಕ್ಕಿನಲ್ಲಿ, ಫೈರ್‌ಫಾಕ್ಸಿನಿಂದ ಕ್ರೋಮಿಗೆ ಹೋಗುವವರಿಗೆ ಒಂದು ಅನುಕೂಲ ಇದೆ. ಕ್ರೋಮ್ ಫೈಲ್ ತುಂಬಿಕೊಂಡ ಮೇಲೆ, ಇದನ್ನು ಅಳಿಸಿಬಿಡಲಾ ಅಂತ ತಾನೇ ಕೇಳುತ್ತದೆ. ಒಳ್ಳೆ ಅಭ್ಯಾಸ, ಆದರೆ ಅದು ಅಳಿಸುವುದು ಅದೊಂದು ಪ್ರತಿಯನ್ನು. ಕ್ಲೌಡಿನ ಬುಟ್ಟಿ ಅದಕ್ಕೆ ಗೊತ್ತಿಲ್ಲ.

ವೆರಾಕ್ರಿಪ್ಟ್ ನನ್ನ ಮಟ್ಟಿಗೆ ಸರಿಹೊಂದಲು ಕಾರಣ, ನಾನು ಬ್ರೌಸರ್ ಬದಲಿಸೋದು ಮೂರ್ನಾಲ್ಕು ವರ್ಷಕ್ಕೊಮ್ಮೆ. ಕಾಸು ಕೊಡುವ ಮನಸ್ಸಿಲ್ಲ, ಅರ್ಧ ಗಂಟೆ ಕೊಡಬಲ್ಲೆ. ಪದೇ ಪದೇ ಬ್ರೌಸರ್ ಬದಲಿಸುವವರು ಬಿಟ್‌ವಾರ್ಡನ್ ಥರದ ಪ್ರತ್ಯೇಕ ಪಾಸ್‌ವರ್ಡ್ ಮ್ಯಾನೇಜರಿಗೆ ಒಮ್ಮೆ ಹೋಗಿಬಿಟ್ಟರೆ ಈ ರಗಳೆ ಇಲ್ಲ.

ಹೆಂಡತಿಯ ಆಫೀಸ್ ಲ್ಯಾಪ್‌ಟಾಪಿನಲ್ಲಿ ಈ ಆಟ ನಡೆಯಲಿಲ್ಲ. ವೆರಾಕ್ರಿಪ್ಟ್‌ಗೆ ಅಡ್ಮಿನ್ ಅನುಮತಿ ಬೇಕು, ಆಫೀಸಿನವರು ಕೊಡಲ್ಲ. ಅವಳ ಡಿಸ್ಕಿಗೆ ಬಿಟ್‌ಲಾಕರ್, ಅಂದರೆ ಇಡೀ ಡಿಸ್ಕನ್ನೇ ಗೂಢಲಿಪಿ ಮಾಡುವ ವಿಂಡೋಸಿನ ಬೀಗ, ಮೊದಲೇ ಇತ್ತು. ಹಾಗಾಗಿ ಡೌನ್‌ಲೋಡ್ಸ್ ಫೋಲ್ಡರ್ ಕ್ಲೌಡಿಗೆ ಹೋಗುತ್ತಿಲ್ಲ ಅಂತ ದಾರಿ ಓದಿ ಖಚಿತ ಮಾಡಿಕೊಂಡು, ಅಲ್ಲೇ ಇಳಿಸಿ, ತುಂಬಿ, `Shift+Delete` ಮಾಡಿದೆವು. ಆದರೂ ಅವಳು ಮೂರು ದಿನ ಬಿಟ್ಟು ಫೋನಿನಲ್ಲಿ ಕ್ಲೌಡಿನ ಬುಟ್ಟಿ ತೆರೆದು ನೋಡಿದಳು. 'ನಿಮ್ಮ ಗಂಟು ಇಲ್ಲಿಲ್ಲ ಬಿಡಿ' ಅಂದಳು.