ಇಳಕಲ್ ಸೀರೆ ಆನ್‌ಲೈನಿನಲ್ಲಿ: ಮಾರಾಟಗಾರರ ಚಿತ್ರವೋ, ಕೊಂಡವರ ಮಾತೋ?

ಕೈಮಗ್ಗದ ಇಳಕಲ್ ಸೀರೆಯನ್ನು ತರಿಸಿಕೊಳ್ಳುವ ಮುನ್ನ ಮಾರಾಟಗಾರರ ಚಿತ್ರ, ಕೊಂಡವರ ಚಿತ್ರ ಮತ್ತು ಲಿಖಿತ ವಿಮರ್ಶೆಗಳಲ್ಲಿ ಯಾವುದನ್ನು ನಂಬಬೇಕೆಂದು ಕೇಳಿದ್ದೀರಿ. ಉತ್ತರವು ನಿಮಗೆ ತಿಳಿಯಬೇಕಾದುದೇನು ಎಂಬುದನ್ನು ಅವಲಂಬಿಸುತ್ತದೆ.

ನೇಯ್ಗೆಯನ್ನು ಪರೀಕ್ಷಿಸಲು ಮಾರಾಟಗಾರರ ಸ್ಪಷ್ಟ ಚಿತ್ರವೇ ಹೆಚ್ಚು ಉಪಯುಕ್ತ. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಎಳೆಗಳನ್ನೂ ಸೆರಗಿನ ಹಾಸು ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸುವುದರಿಂದ, ಅವು ಕೂಡುವ ಗೆರೆಯನ್ನು ಹತ್ತಿರದಿಂದ ನೋಡಿದರೆ ಗುರುತಿಸಬಹುದು. ರೂಪದರ್ಶಿಯ ಚಿತ್ರಗಳಷ್ಟೇ ಇದ್ದರೆ, ಆ ಗೆರೆಯ ಮತ್ತು ಸೀರೆಯ ಹಿಂಬದಿಯ ಚಿತ್ರವನ್ನು ಕೇಳಿ ಪಡೆಯಿರಿ. ಕೊಡಲು ಹಿಂಜರಿಯುವವರಲ್ಲಿ ನಾನಂತೂ ಕೊಳ್ಳುವುದಿಲ್ಲ.

ಬಣ್ಣದ ವಿಷಯದಲ್ಲಿ ಕೊಂಡವರು ಹಗಲಿನ ಬೆಳಕಿನಲ್ಲಿ ತೆಗೆದ ಚಿತ್ರ ಮೇಲು. ಆದರೆ ಚಿತ್ರದಲ್ಲಿರುವ ಬಿಳಿಗೋಡೆಯೇ ಹಳದಿಯಾಗಿ ಕಂಡರೆ ಸೀರೆಯ ಬಣ್ಣವೂ ಅಷ್ಟೇ ತಪ್ಪಾಗಿರುತ್ತದೆ.

ಒಗೆದ ಮೇಲೆ ಬಣ್ಣ ಬಿಡುತ್ತದೆಯೇ ಎಂಬುದನ್ನು ಯಾವ ಚಿತ್ರವೂ ಹೇಳಲಾರದು; ಅದಕ್ಕೆ ಲಿಖಿತ ವಿಮರ್ಶೆಯೇ ಬೇಕು. ಸೀರೆ ತಲುಪಿದ ದಿನವೇ ಬರೆದ ಹೊಗಳಿಕೆಗಿಂತ ಕೆಲವು ವಾರ ಬಳಸಿ ಬರೆದ ಮೂರು ನಕ್ಷತ್ರದ ಮಾತಿಗೆ ಹೆಚ್ಚು ಬೆಲೆಯಿದೆ. ಹಲವು ಬಣ್ಣಗಳ ವಿಮರ್ಶೆಗಳನ್ನು ಒಂದೇ ಪುಟದಲ್ಲಿ ಸೇರಿಸಿರುವುದೂ ಉಂಟಾದ್ದರಿಂದ, ಬರೆದವರು ಯಾವ ಬಣ್ಣ ಕೊಂಡರೆಂದು ನೋಡಿಕೊಳ್ಳಬೇಕು. ವಿಮರ್ಶೆಗಳ ನಿರ್ವಹಣೆಗೆ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನು ತಂದಿತಾದರೂ, ಅದನ್ನು ಐಚ್ಛಿಕವಾಗಿಯೇ ಜಾರಿಗೊಳಿಸಲಾಯಿತು.

ಮದುವೆಗೆಂದು ನಿರ್ದಿಷ್ಟ ಬಣ್ಣ ಬೇಕಿದ್ದರೆ ಕೊಂಡವರ ಚಿತ್ರಕ್ಕೂ, ನಿತ್ಯ ಉಡುವುದಕ್ಕಾದರೆ ಲಿಖಿತ ವಿಮರ್ಶೆಗೂ ಮೊದಲ ಮನ್ನಣೆ ಕೊಡಿ. ಹೊಸ ಮಾರಾಟಗಾರರಲ್ಲಿ ಇವೆರಡೂ ಇಲ್ಲದಿದ್ದರೆ, ಕೇಳಿ ಪಡೆದ ಚಿತ್ರದ ಜೊತೆಗೆ ಹಿಂತಿರುಗಿಸುವ ಷರತ್ತುಗಳನ್ನೂ ಓದಿ ನಿರ್ಧರಿಸಬಹುದು.