ತಾರಿಹಾಳದ ಸಿಎನ್‌ಸಿ ಶೆಡ್‌ನಲ್ಲಿ ERPNext: ಎರಡು ವರ್ಷ ಬಳಸಿದ ಮೇಲೆ ಟೈಮ್ ಲೆಕ್ಕ ಎಷ್ಟು ನಂಬಬಹುದು?

ವಾಲ್ವ್ ಬಾಡಿ ಮಷಿನಿಂಗ್ ಮಾಡುವ ಸಣ್ಣ ಶೆಡ್‌ಗೆ ERPNext ಎಂಬ ಕಾರ್ಖಾನೆ ನಿರ್ವಹಣೆ ಸಾಫ್ಟ್‌ವೇರಿನ ಪ್ರೊಡಕ್ಷನ್ ಮಾಡ್ಯೂಲ್ ಸಾಕು. 5ಕ್ಕೆ 3.5 ಕೊಡಬಹುದು. ಕಡಿತವಾದ ಒಂದೂವರೆ ಅಂಕದಲ್ಲಿ ಸಾಫ್ಟ್‌ವೇರಿನ ಪಾಲು ಕಡಿಮೆ, ರೂಟಿಂಗ್, ಅಂದರೆ ಕೆಲಸದ ಹಂತಗಳ ಪಟ್ಟಿ ಬರೆಯುವಾಗ ಆಗುವ ಒಂದು ತಪ್ಪಿನದೇ ಹೆಚ್ಚು. ಸೆಟ್ಟಿಂಗ್ ಟೈಮನ್ನು ಪೀಸ್ ಟೈಮಿನೊಳಗೆ ಬೆರೆಸಿಬಿಡುವುದೇ ಆ ತಪ್ಪು.

ಒಂದು ಗೇಟ್ ವಾಲ್ವ್ ಬಾಡಿಯ ಟರ್ನಿಂಗ್ ತಗೊಳ್ಳಿ. ಜಾ ಬದಲಿಸಿ, ಆಫ್‌ಸೆಟ್ ಹಾಕಿ, ಮೊದಲ ಪೀಸ್ ಚೆಕ್ ಮಾಡಿಸುವುದಕ್ಕೆ 60 ನಿಮಿಷ. ಆಮೇಲೆ ಪೀಸ್‌ಗೆ 12 ನಿಮಿಷ. ಸಾಮಾನ್ಯ ಲಾಟ್ 20 ಇದೆಯಲ್ಲ ಎಂದು 60ನ್ನು 20ಕ್ಕೆ ಹಂಚಿ, ಪೀಸ್‌ಗೆ 15 ನಿಮಿಷ ಅಂತ ಬರೆದರೆ 20ರ ಆರ್ಡರಿಗೆ ಲೆಕ್ಕ ಸರಿಯಾಗಿ ಬರುತ್ತದೆ: 300 ನಿಮಿಷ. ಅದೇ ಬಾಡಿಗೆ 5 ಪೀಸಿನ ಆರ್ಡರ್ ಬಂದಾಗ ಸ್ಟ್ಯಾಂಡರ್ಡ್ 75 ನಿಮಿಷ, ಜಾಬ್ ಕಾರ್ಡ್‌ನಲ್ಲಿ ಬೀಳುವುದು 120. ಅರವತ್ತು ಪೀಸ್ ಬಂದರೆ ಉಲ್ಟಾ, ಸ್ಟ್ಯಾಂಡರ್ಡ್ 900, ಮುಗಿಯುವುದು 780ಕ್ಕೇ. ಒಬ್ಬನೇ ಆಪರೇಟರ್ ಒಂದು ವಾರ ಮೈಗಳ್ಳ, ಮುಂದಿನ ವಾರ ಹುಲಿ! "ಸಣ್ಣ ಲಾಟ್ ಕೊಟ್ಟು ಟೈಮ್ ಕೇಳಬ್ಯಾಡ್ರಿ" ಎಂದು ಶಾಪ್‌ಫ್ಲೋರಿನಲ್ಲಿ ಗೊಣಗುವವರ ಮಾತಲ್ಲಿ ಹುರುಳಿದೆ. ದುಡ್ಡಿಗೂ ಇದು ತಗಲುತ್ತದೆ. ಮಷಿನ್ ರೇಟ್ ಗಂಟೆಗೆ 400 ರೂಪಾಯಿ ಹಿಡಿದರೆ ಆ 5 ಪೀಸಿಗೆ 500ರ ಬದಲು 800 ಖರ್ಚಾಗುತ್ತದೆ. ಕೊಟೇಶನ್‌ನಲ್ಲಿ ಪೀಸ್‌ಗೆ 60 ರೂಪಾಯಿ ಕೈಬಿಟ್ಟಂತಾಯಿತು.

ಪರಿಹಾರ ಇದರಲ್ಲೇ ಇದೆ. ರೂಟಿಂಗ್‌ನಲ್ಲಿ ಸೆಟ್ಟಿಂಗ್ ಮತ್ತು ಟರ್ನಿಂಗ್ ಎಂದು ಎರಡು ಸಾಲು ಮಾಡಿ, ಸೆಟ್ಟಿಂಗ್‌ಗೆ 60 ಬರೆದು `Fixed Time` ಟಿಕ್ ಮಾಡಬೇಕು. ಆಗ ಆ ಸಮಯ ಪೀಸ್ ಸಂಖ್ಯೆಯಿಂದ ಗುಣಿಸಲ್ಪಡುವುದಿಲ್ಲ. ರೂಟಿಂಗನ್ನು ಬಿಒಎಮ್‌ಗೆ, ಅಂದರೆ ಆ ಬಾಡಿಯ ಸಾಮಗ್ರಿ ಪಟ್ಟಿಗೆ ಎಳೆದುಕೊಂಡ ಮೇಲೆ ಆ ಟಿಕ್ ಅಲ್ಲಿಯೂ ಬಂದಿದೆಯೇ ಎಂದು ಸಾಲು ತೆರೆದು ನೋಡಿ. ಇನ್ನೊಂದು, ಸಬ್ಮಿಟ್ ಆದ ಬಿಒಎಮ್‌ಗೆ ರೂಟಿಂಗಿನ ತಿದ್ದುಪಡಿ ತಾನಾಗಿ ಇಳಿಯುವುದಿಲ್ಲ. ಹೊಸ ಬಿಒಎಮ್ ಮಾಡಿ ಡಿಫಾಲ್ಟ್ ಮಾಡಬೇಕು. ಆಗಲೇ ತೆರೆದಿರುವ ವರ್ಕ್ ಆರ್ಡರ್‌ಗಳು ಹಳೆಯ ನಿಮಿಷದಲ್ಲೇ ಓಡುತ್ತವೆ, ಅವುಗಳ ವ್ಯತ್ಯಾಸವನ್ನು ಹೊಸದರ ಜೊತೆ ಕಲೆಸಬೇಡಿ.

ವಾಸ್ತವ ಸಮಯ ಕೆಡುವುದು ಬೇರೆ ಕಡೆ. ಜಾಬ್ ಕಾರ್ಡ್ ಗಡಿಯಾರದ ಹಾಗೆ, ಯಾರೂ ನಿಲ್ಲಿಸದಿದ್ದರೆ ಓಡುತ್ತಲೇ ಇರುತ್ತದೆ. ಊಟದ ಅರ್ಧ ಗಂಟೆಯೂ ಕರೆಂಟ್ ಹೋದ ನಲವತ್ತು ನಿಮಿಷವೂ ಟರ್ನಿಂಗ್ ಲೆಕ್ಕಕ್ಕೇ ಸೇರುತ್ತವೆ. ಸಂಜೆ 5ಕ್ಕೆ ಮುಗಿಸದೆ ಬೆಳಿಗ್ಗೆ 8:30ಕ್ಕೆ ಮುಗಿಸಿದರೆ ಒಂದೇ ಸಾಲಿನಲ್ಲಿ ಹದಿನೈದೂವರೆ ಗಂಟೆ ಹೆಚ್ಚು ಕೂರುತ್ತದೆ. `Downtime Entry` ಎಂಬ ಬೇರೆ ದಾಖಲೆ ಇದೆ, ಕಾರಣಗಳ ಪಟ್ಟಿಯಲ್ಲಿ `Electricity down` ಕೂಡ ಇದೆ (ನಮ್ಮ ಕಡೆಯವರೇ ಸೇರಿಸಿದಂತಿದೆ). ಆದರೆ ಅದನ್ನು ತುಂಬಿದ ಮಾತ್ರಕ್ಕೆ ಜಾಬ್ ಕಾರ್ಡ್‌ನಿಂದ ನಿಮಿಷ ಕಳೆಯುವುದಿಲ್ಲ. ಮಷಿನ್ ನಿಂತ ಕೂಡಲೇ ಕಾರ್ಡ್‌ನಲ್ಲೂ `Pause` ಒತ್ತಲೇಬೇಕು. ಒತ್ತಿದರೆ ಟೈಮ್ ಲಾಗ್ ಎರಡು ಸಾಲಾಗುತ್ತದೆ. ಇಡೀ ಶಿಫ್ಟಿಗೆ ಒಂದೇ ಉದ್ದ ಸಾಲಿರುವ ಕಾರ್ಡ್ ಕಂಡರೆ ಅದರ ಸಮಯ ನಂಬಬೇಡಿ. ಸ್ಟ್ಯಾಂಡರ್ಡ್ ತಿದ್ದುವಾಗಲೂ ಹತ್ತು ಕಾರ್ಡ್‌ಗಳ ಸರಾಸರಿ ಬೇಡ, ಸಮಯದ ಏರಿಕೆ ಕ್ರಮದಲ್ಲಿಟ್ಟು ನಡುವಿನದನ್ನು ಹಿಡಿಯಿರಿ. ಮರೆತ ಒಂದು ರಾತ್ರಿ ಸರಾಸರಿಯನ್ನೇ ಹಾಳು ಮಾಡುತ್ತದೆ.

ಕೆಪಾಸಿಟಿ ಪ್ಲಾನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವರ್ಕ್‌ಸ್ಟೇಷನ್‌ನಲ್ಲಿ ಕೆಲಸದ ವೇಳೆಯನ್ನು 8:30–12:30, 1:00–5:00 ಎಂದು ಎರಡು ಸಾಲಾಗಿ ಕೊಡಿ, ಒಂದೇ ಸಾಲು ಕೊಟ್ಟರೆ ಊಟದ ಹೊತ್ತಿನಲ್ಲೂ ಕೆಲಸ ಹಾಕುತ್ತದೆ. ರಜಾ ಪಟ್ಟಿಯನ್ನೂ ಜೋಡಿಸಿ. ಒಂದೇ ಥರದ ಎರಡು ಲೇಥ್ ಇದ್ದರೆ ಒಂದೇ ವರ್ಕ್‌ಸ್ಟೇಷನ್ ಮಾಡಿ `Job Capacity` 2 ಕೊಡಬಹುದು. ಆದರೆ ಒಂದು ಲೇಥ್ ಸ್ಪಿಂಡಲ್ ರಿಪೇರಿಗೆ ನಿಂತ ದಿನವೂ ಅದು ಎರಡಕ್ಕೇ ಕೆಲಸ ಹಂಚುತ್ತದೆ, ಸಂಖ್ಯೆಯನ್ನು ಕೈಯಾರೆ 1 ಮಾಡಬೇಕು. ನಿಗದಿತ ದಿನಗಳೊಳಗೆ (ಡಿಫಾಲ್ಟ್ 30) ಜಾಗ ಸಿಗದಿದ್ದರೆ ವರ್ಕ್ ಆರ್ಡರ್ ಸಬ್ಮಿಟ್ ಆಗದೆ ನಿಲ್ಲುತ್ತದೆ. ದಿನ ಹೆಚ್ಚಿಸುವ ಮೊದಲು ಆ ಬಾಡಿಯ ಸೆಟ್ಟಿಂಗ್ ಸಾಲಿನ ಟಿಕ್ ನೋಡಿ. ಟಿಕ್ ಬಿಟ್ಟುಹೋಗಿದ್ದರೆ 60 ಪೀಸಿಗೆ ಸೆಟ್ಟಿಂಗೇ 60 ಗಂಟೆ ತಿಂದಿರುತ್ತದೆ.

ಒಂದು ಕೊರತೆ ಮಾತ್ರ ಸಾಫ್ಟ್‌ವೇರಿನದೇ. ಇಂದಿನ ಕೆಲಸ ಮೂರು ಗಂಟೆ ತಡವಾದರೆ ನಾಳೆಯ ಆರ್ಡರ್‌ಗಳು ತಾವಾಗಿ ಮುಂದೆ ಸರಿಯುವುದಿಲ್ಲ. ಸೋಮವಾರ ಹಾಕಿದ ಪ್ಲಾನ್ ಬುಧವಾರದ ಹೊತ್ತಿಗೆ ಹಳೆಯದು. ಅದಕ್ಕೇ ಶೆಡ್‌ನ ಗೋಡೆಯ ಬೋರ್ಡು ಇನ್ನೂ ತೆಗೆದಿಲ್ಲ.