ಇಯರ್‌ಬಡ್ ಸುಮ್ನೆ ಹಾಡು ನಿಲ್ಲಿಸ್ತಿದ್ಯಾ? ಪಿನ್ನು ಹಿಡಿಯುವ ಮೊದಲು ಇದನ್ನು ಓದಿ

ನನ್ನ ಬಲಗಡೆ ಇಯರ್‌ಬಡ್‌ನಲ್ಲಿ, ಕಿವಿಯಿಂದ ತೆಗೆದದ್ದನ್ನು ಗುರುತಿಸಿ ಹಾಡು ನಿಲ್ಲಿಸುವ ಸೆನ್ಸರ್ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರು ಬಿದ್ದಿದೆ. ಬೀಳಿಸಿದ್ದು ನಾನೇ. ಆ ಬಡ್ ಇನ್ನು ಯಾವತ್ತೂ ಕಿವಿಯನ್ನು ಸರಿಯಾಗಿ ಗುರುತಿಸುವುದಿಲ್ಲ. ನಿಮಗೂ ಹೀಗೇ ಆಗಬಾರದು ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು ತೊಂದರೆ ಶುರುವಾಗಿದ್ದು ಎಡಗಡೆ ಬಡ್‌ನಲ್ಲಿ. ನಡೆಯುವಾಗ, ಏನಾದರೂ ಅಗಿಯುವಾಗ ಹಾಡು ಪಟ್ಟಂತ ನಿಂತುಬಿಡುತ್ತಿತ್ತು. ಬಡ್ ಕಿವಿಯಲ್ಲೇ ಇರುತ್ತಿತ್ತು. ಬಲಗಡೆಯದು ಇದಕ್ಕೆ ಉಲ್ಟಾ. ತೆಗೆದು ಮೇಜಿನ ಮೇಲಿಟ್ಟರೂ ಹಾಡು ನಿಲ್ಲುತ್ತಿರಲಿಲ್ಲ. ಒಂದು ಸಂಜೆ ಅಮ್ಮನ ಫೋನ್ ಬಂತು. ಎತ್ತಿ ಕಿವಿಗಿಟ್ಟುಕೊಂಡರೆ ಏನೂ ಕೇಳಿಸಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಬಡ್‌ನಿಂದ ಸಣ್ಣಗೆ "ಹಲೋ, ಹಲೋ, ಕೇಳಿಸ್ತಿದ್ಯಾ?" ಅಂತ ಬರುತ್ತಿತ್ತು. ಬಡ್ ಇನ್ನೂ ನನ್ನ ಕಿವಿಯಲ್ಲೇ ಇದೆ ಅಂತ ಅದು ನಂಬಿಕೊಂಡಿತ್ತು.

ಒಂದು ನಿಲ್ಲಬಾರದ ಕಡೆ ನಿಲ್ಲುತ್ತೆ, ಇನ್ನೊಂದು ನಿಲ್ಲಬೇಕಾದ ಕಡೆ ನಿಲ್ಲಲ್ಲ. ಇವು ಎರಡು ಬೇರೆ ಬೇರೆ ದೋಷ ಅಂದುಕೊಂಡೆ. ತಪ್ಪಿದ್ದು ಅಲ್ಲೇ. ಎರಡಕ್ಕೂ ಕಾರಣ ಒಂದೇ, ಕೊಳೆ.

ಬಡ್‌ನ ಒಳಮೈ ಮೇಲೆ, ಚರ್ಮಕ್ಕೆ ತಾಗುವ ಕಡೆ, ಹೊಳೆಯುವ ಸಣ್ಣ ಕಪ್ಪು ಚುಕ್ಕಿ ಇರುತ್ತೆ. ತುಂಬ ಮಾಡೆಲ್‌ಗಳಲ್ಲಿ ಸೆನ್ಸರ್ ಇರುವುದು ಅದರ ಹಿಂದೆ. ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತೆ. ಬೆಳಕು ಚರ್ಮಕ್ಕೆ ಬಡಿದು ವಾಪಸ್ ಬಂದರೆ "ಕಿವಿಯಲ್ಲಿದ್ದೇನೆ", ಬರದಿದ್ದರೆ "ತೆಗೆದಿದ್ದಾರೆ" ಅನ್ನುವ ಲೆಕ್ಕ. ಚುಕ್ಕಿ ಮೇಲೆ ಗುಗ್ಗೆ ದಪ್ಪಗೆ ಕೂತರೆ ಬೆಳಕು ಸರಿಯಾಗಿ ಹೊರಗೆ ಹೋಗಲ್ಲ. ಬಡ್ ಸ್ವಲ್ಪ ಅಲುಗಿದರೂ ಸಾಕು, ಹಾಡು ನಿಲ್ಲುತ್ತೆ. ನನ್ನ ಎಡಗಡೆಯದರ ಕಥೆ ಇದು. ಬೆವರು, ಎಣ್ಣೆ ತೆಳುವಾಗಿ ಮೆತ್ತಿಕೊಂಡರೆ ಆ ಪೊರೆಯೇ ಬೆಳಕನ್ನು ವಾಪಸ್ ಕಳಿಸಬಹುದು. ಆಗ ಬಡ್‌ಗೆ ತಾನು ಸದಾ ಕಿವಿಯಲ್ಲೇ ಇರುವ ಹಾಗೆ. ಬಲಗಡೆಯದು ಹಾಗಾಗಿತ್ತು. ಸಿಲಿಕೋನ್ ಕವರ್ ಚುಕ್ಕಿಯನ್ನು ಮುಚ್ಚಿದರೂ ಇದೇ ತೊಂದರೆ.

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಸೀದಾ ರೀಸೆಟ್ ಮಾಡಿದೆ. ನಾಲ್ಕು ಸಲ. ಆಮೇಲೆ ಫೋನಿನ ನೆಟ್‌ವರ್ಕ್ ಸೆಟ್ಟಿಂಗ್ ಕೂಡ ರೀಸೆಟ್ ಮಾಡಿ, ಸೇವ್ ಆಗಿದ್ದ ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಕಳಕೊಂಡೆ. ಕೊಳೆ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಸಿಟ್ಟು ಬಂದು ಪಿನ್ನಿನಿಂದ ಕೆರೆದೆ. ಎಡಗಡೆಯದರ ಗುಗ್ಗೆ ಎದ್ದು ಬಂತು, ಆ ಬಡ್ ಸರಿಹೋಯಿತು. ಅದೇ ಧೈರ್ಯದಲ್ಲಿ ಬಲಗಡೆಯದನ್ನೂ ಕೆರೆದೆ, ಗೀರು ಬಿತ್ತು. ಈಗ ಬೆಳಕು ಆ ಗೀರಿಗೇ ಬಡಿದು ಚದುರುತ್ತೆ.

ದಯವಿಟ್ಟು ನೀವು ಹೀಗೆ ಮಾಡಿ. ಮೊದಲು ಫೋನಿನ ಸೆಟ್ಟಿಂಗ್‌ನಲ್ಲೋ ಬಡ್‌ನ ಆ್ಯಪ್‌ನಲ್ಲೋ Ear Detection ಅಥವಾ Wear Detection ಅಂತ ಇರುವುದನ್ನು ಒಂದು ದಿನ ಆಫ್ ಮಾಡಿ. ಆಗಲೂ ಹಾಡು ನಿಂತರೆ ಅದು ಸೆನ್ಸರ್ ತಪ್ಪಲ್ಲ; ಬ್ಲೂಟೂತ್ ಕಡೆಯದ್ದೋ, ಕಿವಿಯಲ್ಲಿ ಬಡ್ ಅಲುಗುವಾಗ ಟಚ್ ಬಟನ್ ಒತ್ತಿಹೋಗುವುದೋ ನೋಡಬೇಕು. ನಿಲ್ಲದಿದ್ದರೆ ಮತ್ತೆ ಆನ್ ಮಾಡಿ, ಹಾಡು ಹಾಕಿ, ಬಡ್ ಕೈಯಲ್ಲಿ ಹಿಡಿದು ಚುಕ್ಕಿ ಮೇಲೆ ಹೆಬ್ಬೆರಳಿಟ್ಟು ತೆಗೆಯಿರಿ. ಬೆರಳು ತೆಗೆದಾಗ ಹಾಡು ನಿಲ್ಲಬೇಕು. ಎರಡೂ ಬಡ್‌ಗೆ ಬೇರೆ ಬೇರೆಯಾಗಿ ಮಾಡಿದರೆ ಕೆಟ್ಟಿದ್ದು ಯಾವುದು ಅಂತ ಗೊತ್ತಾಗುತ್ತೆ.

ಸ್ವಚ್ಛ ಮಾಡಲು ಮೆತ್ತನೆಯ ಒಣ ಬಟ್ಟೆ ಸಾಕು, ಕನ್ನಡಕ ಒರೆಸುತ್ತೇವಲ್ಲ, ಅಂಥದ್ದು. ಗಟ್ಟಿ ಕೊಳೆಗೆ 70% ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿ ಕಡ್ಡಿಗೆ ಸ್ವಲ್ಪವೇ ತಾಗಿಸಿ, ಹಿಂಡಿ, ಒರೆಸಿ. ಸ್ಪ್ರೇ ಬೇಡ. ಸ್ಪೀಕರ್ ಜಾಲರಿಗೆ ತಾಗಿಸಬೇಡಿ, ಕರಗಿದ ಗುಗ್ಗೆ ಒಳಗೆ ಹೋಗಿ ಸದ್ದು ಕಡಿಮೆಯಾಗುತ್ತೆ. ಪೂರ್ತಿ ಒಣಗಿದ ಮೇಲೆ ಬೆರಳಿನ ಪರೀಕ್ಷೆ ಇನ್ನೊಮ್ಮೆ ಮಾಡಿ.

ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ರೀಸೆಟ್. ಎರಡೂ ಬಡ್ ಕೇಸ್‌ನಲ್ಲಿಡಿ. ಫೋನಿನ ಬ್ಲೂಟೂತ್ ಪಟ್ಟಿಯಿಂದ ತೆಗೆಯಿರಿ. ಆಮೇಲೆ ಕೇಸ್‌ನ ಬಟನ್ ಅನ್ನು ದೀಪದ ಬಣ್ಣ ಬದಲಾಗುವವರೆಗೆ ಒತ್ತಿಹಿಡಿಯಿರಿ. ಕೆಲವಕ್ಕೆ 15 ಸೆಕೆಂಡ್ ಬೇಕು, ಬಟನ್ ಇಲ್ಲದ ಮಾಡೆಲ್‌ಗೆ ಬೇರೆ ವಿಧಾನ ಇರುತ್ತೆ. ನಿಮ್ಮದರ ಕೈಪಿಡಿ ನೋಡಿ. ಟಚ್ ಸೆಟ್ಟಿಂಗ್‌ಗಳು ಅಳಿಸಿಹೋಗಬಹುದು, ಮೊದಲೇ ಬರೆದಿಟ್ಟುಕೊಳ್ಳಿ.

ನಾನೀಗ ಇಯರ್ ಡಿಟೆಕ್ಷನ್ ಆಫ್ ಮಾಡಿಟ್ಟು ಕೇಳುತ್ತಿದ್ದೇನೆ. ಬಡ್ ತೆಗೆದ ತಕ್ಷಣ ಕೇಸ್‌ಗೆ ಹಾಕುತ್ತೇನೆ. ಮರೆತರೆ ಬ್ಯಾಟರಿ ಖಾಲಿಯಾಗುವ ತನಕ ಹಾಡು ಓಡುತ್ತಲೇ ಇರುತ್ತೆ.